ಗುರುಗಳಿಗೊಂದು ಬಿನ್ನಹ, ಕಡಲಾಚೆಯ ಕೆಲಸಕ್ಕೆ ಮುನ್ನ

ವಿದೇಶದಲ್ಲಿ ಕೆಲಸ ಸಿಕ್ಕಾಗ ಗುರುವಿಗೆ ಬರೆಯುವ ಕಾಗದ ಹೊರಗಿನಿಂದ ಒಂದೇ ಬಗೆಯದಾಗಿ ಕಂಡರೂ ಒಳಗೆ ಮೂರು ಬೇರೆ ಬೇರೆ ಕೋರಿಕೆಗಳಿರುತ್ತವೆ. ಹೋಗಬಹುದೇ ಎಂದು ಕೇಳಿದರೆ ಅದು ಅಪ್ಪಣೆಯ ಕೋರಿಕೆ. ಹೋಗುವುದು ಒಳ್ಳೆಯದೇ ಎಂದರೆ ಸಲಹೆಯ ಕೋರಿಕೆ. ಹೋಗುತ್ತಿದ್ದೇನೆ, ಹರಸಬೇಕು ಎಂದರೆ ಆಶೀರ್ವಾದದ ಕೋರಿಕೆ. ಮೂರಕ್ಕೂ ಗುರು ಕೊಡಬೇಕಾದ ಉತ್ತರ ಬೇರೆ. ಟಿಕೆಟ್ ತೆಗೆಸಿದ ಮೇಲೆ ಅಪ್ಪಣೆ ಕೇಳುವ ಶಿಷ್ಯ ಗುರುವನ್ನು ಇಕ್ಕಟ್ಟಿಗೆ ಸಿಲುಕಿಸುತ್ತಾನೆ. ಸಲಹೆ ಬೇಕಿದ್ದವನು ಸಂಕೋಚದಿಂದ ಬರೀ ಆಶೀರ್ವಾದ ಕೇಳಿದರೆ ಅಕ್ಷತೆಯ ಪೊಟ್ಟಣ ಬರುತ್ತದೆ, ಸಲಹೆ ಬರುವುದಿಲ್ಲ. ಇಂಥ ಕಾಗದಗಳು ಹೆಚ್ಚಾಗಿ ಹಾದಿ ತಪ್ಪುವುದು ಈ ಮೂರನ್ನು ಕಲಸಿಬಿಡುವುದರಿಂದಲೇ.

ಫೋನು ಕೈಯಲ್ಲಿರುವ ಕಾಲದಲ್ಲೂ ಈ ವಿಷಯಕ್ಕೆ ಕಾಗದವೇ ಉಳಿದುಕೊಂಡಿದೆ. ಫೋನಿನಲ್ಲಿ ಗುರು ತಕ್ಷಣ ಏನಾದರೂ ಹೇಳಲೇಬೇಕಾಗುತ್ತದೆ, ಅಷ್ಟರಲ್ಲಿ ಶಿಷ್ಯ ಅರ್ಧ ವಿಷಯ ನುಂಗಿರುತ್ತಾನೆ. ಕಾಗದವನ್ನು ಗುರು ಎರಡು ಸಲ ಓದಬಹುದು, ನಾಲ್ಕು ದಿನ ಇಟ್ಟುಕೊಂಡು ಯೋಚಿಸಬಹುದು, ಬೇಕಾದರೆ ಬಲ್ಲವರನ್ನು ಕೇಳಬಹುದು. ಬರೆಯುವವನಿಗೂ ತನ್ನ ಇಕ್ಕಟ್ಟು ನಿಜವಾಗಿ ಯಾವುದೆಂಬುದು ಬರೆಯುವಾಗಲೇ ತಿಳಿಯುತ್ತದೆ.

ಈ ಬಗೆಯ ಕೋರಿಕೆಗೆ ಸಾಕಷ್ಟು ಹಳೆಯ ದಾಖಲೆಗಳಿವೆ. ಸ್ವಾಮಿ ವಿವೇಕಾನಂದರು ಅಮೆರಿಕಕ್ಕೆ ಹೊರಡುವ ಮುನ್ನ ಮದ್ರಾಸಿನಿಂದ ಶಾರದಾದೇವಿಯವರಿಗೆ ಪತ್ರ ಬರೆದರು. ಆ ಹೊತ್ತಿಗೆ ಹಣ ಕೂಡಿಸುವ ಕೆಲಸ ನಡೆದಿತ್ತು, ಮೈಸೂರಿನ ಚಾಮರಾಜೇಂದ್ರ ಒಡೆಯರು ಅದಕ್ಕೂ ಮೊದಲೇ ನೆರವಾಗಲು ಮುಂದೆ ಬಂದಿದ್ದರು. ಗುರು ರಾಮಕೃಷ್ಣರು ಕಡಲ ಮೇಲೆ ನಡೆಯುತ್ತ ಕರೆದಂತೆ ಕನಸೂ ಬಿದ್ದಿತ್ತೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಇಷ್ಟೆಲ್ಲ ಇದ್ದರೂ ಗುರುಪತ್ನಿಯ ಮಾತಿಗೆ ಅವರು ಕಾದರು. ಒಪ್ಪಿಗೆಯ ಹರಕೆ ಬಂದ ಮೇಲೆ 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು.

ಇನ್ನೊಂದು ಗಾಂಧೀಜಿಯ ಪ್ರಕರಣ. ನಮ್ಮ ವಿಷಯಕ್ಕೆ ಇದೇ ಹೆಚ್ಚು ಉಪಯುಕ್ತ. 1888ರಲ್ಲಿ ಬ್ಯಾರಿಸ್ಟರ್ ಓದಿಗೆ ಇಂಗ್ಲೆಂಡಿಗೆ ಹೋಗಬೇಕೆಂದಾಗ ತಾಯಿ ಪುತಲೀಬಾಯಿಗೆ ಒಪ್ಪಿಗೆಯಿರಲಿಲ್ಲ. ಅಲ್ಲಿಗೆ ಹೋದ ಹುಡುಗರು ಮಾಂಸ ತಿನ್ನುತ್ತಾರೆ, ಕುಡಿಯುತ್ತಾರೆ ಎಂದು ಆಕೆ ಕೇಳಿದ್ದರು. ಮನೆಗೆ ಬೇಕಾದ ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುವನ್ನು ಕೇಳುತ್ತೇನೆಂದರು. ಸಾಧು ಹೋಗಬೇಡ ಎನ್ನಲೂ ಇಲ್ಲ, ಸುಮ್ಮನೆ ಹರಸಲೂ ಇಲ್ಲ. ಮದ್ಯ, ಮಾಂಸ, ಸ್ತ್ರೀಸಂಗ ಇವುಗಳಿಂದ ದೂರವಿರುವುದಾಗಿ ಹುಡುಗನಿಂದ ಪ್ರತಿಜ್ಞೆ ಮಾಡಿಸಿದರು, ತಾಯಿ ಒಪ್ಪಿದರು. ಮುಂಬಯಿಯಲ್ಲಿ ಜಾತಿಯ ಯಜಮಾನರ ದಾರಿಯೇ ಬೇರೆ. ಅವರು ಸಭೆ ಕರೆದು ಬಹಿಷ್ಕಾರ ಹಾಕಿದರು, ಬೀಳ್ಕೊಡಲು ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದರು. ಅದೇ ಹುಡುಗ, ಅದೇ ಪ್ರಯಾಣ. ಸಾಧುವಿನ ಮುಂದೆ ತಾಯಿಯ ಭಯ ನಿರ್ದಿಷ್ಟವಾಗಿ ಬಂದಿತ್ತು, ಆದ್ದರಿಂದ ಉತ್ತರವೂ ನಿರ್ದಿಷ್ಟವಾಗಿ ಬಂತು. ಯಜಮಾನರ ಮುಂದಿದ್ದದ್ದು ಹೋಗಬಹುದೇ, ಹೋಗಬಾರದೇ ಎಂಬ ಒಂದೇ ಪ್ರಶ್ನೆ. ಅದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ ಸಾಧ್ಯ.

ಇವತ್ತು ಕರ್ನಾಟಕದಲ್ಲಿ ಇಂಥ ಕಾಗದ ಬರೆಯುವವರು ಹಲವು ಬಗೆಯವರು. ಸಾಫ್ಟ್‌ವೇರ್ ಕೆಲಸದವರು ಮಠಕ್ಕೆ ಬರೆಯುತ್ತಾರೆ, ಸಂಗೀತದ ವಿದ್ಯಾರ್ಥಿಗಳು ಪಾಠ ಹೇಳಿದವರಿಗೆ ಬರೆಯುತ್ತಾರೆ, ಸಂಶೋಧಕರು ಮಾರ್ಗದರ್ಶಕರಿಗೆ ಬರೆಯುತ್ತಾರೆ. ಇವರಿಗೆಲ್ಲ ಗುರುವಿನ ಮಾತು ಬದುಕಿನ ಒಂದು ಭಾಗಕ್ಕೆ ಸಂಬಂಧಿಸಿದ್ದು. ಗುರು ಕಲಿಸಿದ ವಿದ್ಯೆಯೇ ವಿದೇಶದ ಕೆಲಸವೂ ಆಗಿರುವ ಒಂದು ಗುಂಪು ಮಾತ್ರ ಬೇರೆ. ಅವರು ವೇದಪಾಠಶಾಲೆಯಲ್ಲಿ ಕಲಿತು ಅಮೆರಿಕದ ದೇವಸ್ಥಾನಗಳಿಗೆ ಅರ್ಚಕರಾಗಿ ಹೋಗುವವರು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣಪತಿಯ ಪ್ರತಿಷ್ಠೆಯಾದದ್ದು 1977ರಲ್ಲಿ. ಅಲ್ಲಿಂದೀಚೆಗೆ ಆ ದೇಶದಲ್ಲಿ ಗುಡಿಗಳು ಹೆಚ್ಚಿದಂತೆ ಅರ್ಚಕರ ಬೇಡಿಕೆಯೂ ಹೆಚ್ಚಿದೆ. ಈ ಕಾಗದದ ಎಲ್ಲ ಕಷ್ಟಗಳೂ ಅರ್ಚಕರ ವಿಷಯದಲ್ಲಿ ಒಟ್ಟಿಗೆ ಎದುರಾಗುವುದರಿಂದ ಅಂಥದೊಂದು ಮಾದರಿ ಪ್ರಸಂಗವನ್ನು ಇಲ್ಲಿ ಬಿಡಿಸಿ ನೋಡಬಹುದು.

ಶಿಷ್ಯನಿಗೆ ಮೂವತ್ತೊಂದು ವರ್ಷ. ಸ್ಮಾರ್ತ ಮನೆತನ, ಕೃಷ್ಣಯಜುರ್ವೇದದ ತೈತ್ತಿರೀಯ ಶಾಖೆ, ಆಪಸ್ತಂಬ ಸೂತ್ರ. ಮಲೆನಾಡಿನ ಪಾಠಶಾಲೆಯೊಂದರಲ್ಲಿ ಕ್ರಮಾಂತ ಅಧ್ಯಯನ ಮಾಡಿದ್ದಾನೆ, ಘನಪಾಠ ಮುಂದೆ ಮಾಡುತ್ತೇನೆಂದು ಗುರುಗಳಿಗೆ ಮಾತು ಕೊಟ್ಟು ಬೆಂಗಳೂರಿಗೆ ಬಂದವನು. ಬಡಾವಣೆಯ ಗುಡಿಯೊಂದರಲ್ಲಿ ಪೂಜೆ, ಹೊರಗಡೆ ಪೌರೋಹಿತ್ಯ, ಸಂಜೆ ನಾಲ್ಕು ಹುಡುಗರಿಗೆ ಪಾಠ. ಊರಿನ ದೇವಸ್ಥಾನದ ಅರ್ಚಕತನ ತಂದೆಯದು, ವಯಸ್ಸು ಅರವತ್ತೆಂಟು, ಇವನೊಬ್ಬನೇ ಮಗ. ಮನೆ ಕಟ್ಟಿಸಿದ ಸಾಲ ಹನ್ನೊಂದು ಲಕ್ಷ ಬಾಕಿಯಿದೆ. ಈಗ ನ್ಯೂಜೆರ್ಸಿಯ ಒಂದು ದೇವಸ್ಥಾನದವರು ಕರೆದಿದ್ದಾರೆ.

ಕಾಗದಕ್ಕೆ ಕೈಹಾಕುವ ಮುನ್ನ ಅವನು ಕೆಲಸದ ನಿಯಮಗಳನ್ನು ತಿಳಿದಿರಬೇಕು. ಅವುಗಳಿಲ್ಲದೆ ಕೇಳಿದ ಪ್ರಶ್ನೆ ಗಾಳಿಯ ಪ್ರಶ್ನೆ. ಅಮೆರಿಕದಲ್ಲಿ ಧಾರ್ಮಿಕ ಕೆಲಸಕ್ಕೆ ಹೋಗುವವರಿಗೆ ಆರ್-1 ಎಂಬ ವೀಸಾ ಇದೆ. ಇದಕ್ಕೆ ಅರ್ಜಿ ಹಾಕುವವರು ದೇವಸ್ಥಾನದವರು, ಅರ್ಚಕನಲ್ಲ. ಅರ್ಚಕ ಅದಕ್ಕೂ ಹಿಂದಿನ ಎರಡು ವರ್ಷ ಅದೇ ಧಾರ್ಮಿಕ ಸಂಪ್ರದಾಯದವನಾಗಿದ್ದನೆಂದು ತೋರಿಸಬೇಕು. ವೀಸಾದ ಮೇಲೆ ಇರುವ ಅವಕಾಶ ಒಂದು ಸಲಕ್ಕೆ ಹೆಚ್ಚೆಂದರೆ 30 ತಿಂಗಳು, ವಿಸ್ತರಣೆಯೂ ಸೇರಿ ಒಟ್ಟು 5 ವರ್ಷ. ಹೆಂಡತಿ ಮಕ್ಕಳು ಆರ್-2 ವೀಸಾದಲ್ಲಿ ಜೊತೆಗೆ ಹೋಗಬಹುದು, ಮಕ್ಕಳು ಶಾಲೆಗೆ ಹೋಗಬಹುದು, ಹೆಂಡತಿ ಮಾತ್ರ ಅಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಅರ್ಚಕನೂ ಅರ್ಜಿ ಹಾಕಿದ ದೇವಸ್ಥಾನಕ್ಕಷ್ಟೇ ಕೆಲಸ ಮಾಡಬೇಕು, ಬೇರೆ ಗುಡಿಗೆ ಹೋಗಬೇಕಾದರೆ ಆ ಗುಡಿಯವರು ಹೊಸ ಅರ್ಜಿ ಹಾಕಬೇಕು. ಹಳ್ಳಿಯಲ್ಲಿ ಅಮೆರಿಕಕ್ಕೆ ಹೋದ ಎಂದರೆ ಕಾಯಂ ಹೋದ ಎಂದೇ ಅರ್ಥ, ಈ ವೀಸಾದ ಅರ್ಥ ಹಾಗಲ್ಲ. ಎರಡೂವರೆ ವರ್ಷವೋ ಐದು ವರ್ಷವೋ ಎಂಬುದು ಗುರುವಿಗೆ ಮೊದಲು ತಿಳಿಯಬೇಕಾದ ಸಂಗತಿ. ಘನಪಾಠ ಐದು ವರ್ಷ ಮುಂದೆ ಹೋಗುವುದಕ್ಕೂ ಪೂರ್ತಿ ನಿಂತುಹೋಗುವುದಕ್ಕೂ ಬಹಳ ಅಂತರವಿದೆ.

ಇನ್ನು ಇಕ್ಕಟ್ಟು. ಅವನ ತಲೆಯಲ್ಲಿ ಹತ್ತು ಪ್ರಶ್ನೆಗಳಿರುತ್ತವೆ, ಅವೆಲ್ಲ ಗುರುವಿಗೆ ಹೋಗಬೇಕಾದವಲ್ಲ. ತಿಥಿಯ ಗೊಂದಲವನ್ನೇ ನೋಡಬಹುದು. ಚಳಿಗಾಲದಲ್ಲಿ ನ್ಯೂಜೆರ್ಸಿ ಬೆಂಗಳೂರಿಗಿಂತ ಹತ್ತೂವರೆ ತಾಸು ಹಿಂದೆ. ಒಂದು ದಶಮೀ ತಿಥಿ ಇಲ್ಲಿ ಸೋಮವಾರ ಸಂಜೆ 6ಕ್ಕೆ ಹಿಡಿದು ಮಂಗಳವಾರ ಸಂಜೆ 4ಕ್ಕೆ ಮುಗಿಯುತ್ತದೆ ಎಂದುಕೊಳ್ಳೋಣ. ಶ್ರಾದ್ಧಕ್ಕೆ ನೋಡುವುದು ಅಪರಾಹ್ನದ ತಿಥಿ, ಅಂದರೆ ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲಿನಲ್ಲಿರುವ ತಿಥಿ. ಆದ್ದರಿಂದ ಬೆಂಗಳೂರಿನಲ್ಲಿ ದಶಮಿಯ ಶ್ರಾದ್ಧ ಮಂಗಳವಾರ. ಅದೇ ತಿಥಿ ನ್ಯೂಜೆರ್ಸಿಯ ಗಡಿಯಾರದಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆಗೆ ಹಿಡಿದು ಮಂಗಳವಾರ ನಸುಕಿನ ಐದೂವರೆಗೇ ಮುಗಿದಿರುತ್ತದೆ. ಅಲ್ಲಿ ಶ್ರಾದ್ಧ ಸೋಮವಾರವೇ ಆಗಬೇಕು. ಊರಿನಲ್ಲಿ ಅಣ್ಣ ಮಂಗಳವಾರ ಮಾಡುತ್ತಾನೆ, ನಮಗೂ ಅವತ್ತೇ ಮಾಡಿಸಿ ಎಂದು ಯಜಮಾನ ಪಟ್ಟು ಹಿಡಿದರೆ ಪುರೋಹಿತನ ಪಾಡು ಕಷ್ಟ. ಆದರೆ ಇದಕ್ಕೆ ಉತ್ತರ ಆಯಾ ಊರಿಗೆ ಗಣಿಸಿದ ಪಂಚಾಂಗದಲ್ಲೇ ಇದೆ. ಇದನ್ನು ಕಾಗದದಲ್ಲಿ ಬರೆದರೆ ಕಲಿಸಿದ್ದು ತಲೆಗೆ ಹತ್ತಲಿಲ್ಲವೇನೋ ಎಂದು ಗುರುಗಳಿಗೆ ಅನಿಸಬಹುದು. ಸಂಬಳ ಸಾಲುತ್ತದೆಯೇ ಎಂಬ ಪ್ರಶ್ನೆಯೂ ಅಂಥದೇ. ಅದನ್ನು ಅಲ್ಲಿ ಕೆಲಸ ಮಾಡಿ ಬಂದ ಇನ್ನೊಬ್ಬ ಅರ್ಚಕನನ್ನು ಕೇಳಬೇಕು.

ಗುರುವಿಗೇ ಹೋಗಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ಸಮುದ್ರೋಲ್ಲಂಘನ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕೆಲಸಗಳಲ್ಲಿ ಎಣಿಸಿ ಮೂರು ವರ್ಷಗಳ ಕಠಿಣ ವ್ರತವನ್ನು ಹೇಳುತ್ತದೆ. ಅದೇ ಗ್ರಂಥ ಆರಂಭದಲ್ಲಿ, ಕಡಲಿನ ಮೇಲೆ ಹೋಗುವುದು ಉತ್ತರದೇಶದವರ ರೂಢಿ ಎಂದೂ ದಾಖಲಿಸಿದೆ. ಮುಂದಿನ ನಿಬಂಧಕಾರರು ಇದನ್ನು ಕಲಿವರ್ಜ್ಯಗಳ ಪಟ್ಟಿಗೆ ಸೇರಿಸಿ, ಪ್ರಾಯಶ್ಚಿತ್ತ ಮಾಡಿಕೊಂಡರೂ ಸೇರಿಸಿಕೊಳ್ಳಬಾರದೆಂಬಲ್ಲಿಗೆ ಬಂದರು. ವ್ಯವಹಾರ ಅಷ್ಟು ಬಿಗಿಯಾಗಿ ಉಳಿಯಲಿಲ್ಲ. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿಯನ್ನು ಅಣ್ಣ ನಾಸಿಕಕ್ಕೆ ಕರೆದೊಯ್ದು ನದೀಸ್ನಾನ ಮಾಡಿಸಿದ್ದರು. ಇಂದು ಗೃಹಸ್ಥರ ವಿಷಯದಲ್ಲಿ ಹೆಚ್ಚಿನವರು ಇದನ್ನು ಎತ್ತುವುದೇ ಇಲ್ಲ. ಆದರೆ ಮೂಲವಿಗ್ರಹ ಮುಟ್ಟಿ ಪೂಜಿಸುವವರ ವಿಷಯ ಬಂದಾಗ ಪ್ರಶ್ನೆ ಮತ್ತೆ ಜೀವ ಪಡೆಯುತ್ತದೆ. ಉಡುಪಿಯಲ್ಲಿ ವಿದೇಶಯಾತ್ರೆ ಮಾಡಿದ್ದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ 2008ರ ಪರ್ಯಾಯದ ಹೊತ್ತಿನಲ್ಲಿ, ಅವರು ಕೃಷ್ಣನ ವಿಗ್ರಹ ಮುಟ್ಟಿ ಪೂಜಿಸಬಹುದೇ ಎಂಬ ಬಗ್ಗೆ ಇತರ ಮಠಗಳಿಂದ ಆಕ್ಷೇಪ ಬಂದದ್ದು ನಾಡಿಗೆಲ್ಲ ಗೊತ್ತಿದೆ. ಅವರೇ 2024ರ ಜನವರಿ 18ರಂದು ತಮ್ಮ ನಾಲ್ಕನೆಯ ಪರ್ಯಾಯಕ್ಕೆ ಪೀಠವೇರಿದರು. ಯತಿಗಳ ನಿಯಮ ಗೃಹಸ್ಥ ಅರ್ಚಕನಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಊರಿನ ದೇವಸ್ಥಾನದ ಹತ್ತು ಸಮಸ್ತರಲ್ಲಿ ಒಬ್ಬರು ಈ ಮಾತೆತ್ತಿದರೆ ಸಾಕು, ಐದು ವರ್ಷದ ಮೇಲೆ ಮರಳಿ ಬಂದ ಮಗ ತಂದೆಯ ಜಾಗದಲ್ಲಿ ಗರ್ಭಗುಡಿಗೆ ಕಾಲಿಡುವುದು ಕಷ್ಟವಾಗಬಹುದು. ಪಂಚಗವ್ಯ ಪ್ರಾಶನ, ಹೊಸ ಯಜ್ಞೋಪವೀತ, ಗಾಯತ್ರೀ ಜಪ, ಕೂಷ್ಮಾಂಡ ಹೋಮ ಹೀಗೆ ಮರಳಿದ ಮೇಲೆ ಮಾಡಿಸುವ ಕರ್ಮಗಳು ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬೇರೆ. ತನಗೆ ಯಾವುದು, ಅಷ್ಟು ಮಾಡಿದರೆ ಊರಿನವರು ಒಪ್ಪುವಂತೆ ಮಠದಿಂದ ಒಂದು ಮಾತು ಸಿಗುತ್ತದೆಯೇ ಎಂದು ಹೋಗುವ ಮೊದಲೇ ಕೇಳಬೇಕು.

ಎರಡನೆಯದು ಹುಡುಗರ ಪಾಠ. ನಾಲ್ವರೂ ಸಂಹಿತೆಯ ಏಳು ಕಾಂಡಗಳಲ್ಲಿ ನಾಲ್ಕನೆಯದರಲ್ಲಿದ್ದಾರೆ, ರುದ್ರ, ಚಮಕ ಮುಗಿದಿವೆ. ಸಂತೆ ಹೇಳಿಕೊಟ್ಟು, ಒಬ್ಬೊಬ್ಬನ ಸ್ವರ ತಿದ್ದಿ ಕಲಿಸುವ ಪಾಠವಿದು. ನಡುವೆ ಕೈಬಿಟ್ಟರೆ ಕಲಿತದ್ದೂ ಕೆಡುತ್ತದೆ. ಫೋನಿನಲ್ಲಿ ಮುಂದುವರಿಸಬಹುದೇ, ಬೇರೆಯವರಿಗೆ ಒಪ್ಪಿಸಬೇಕೇ, ಒಪ್ಪಿಸುವುದಾದರೆ ಯಾರಿಗೆ ಎಂಬುದನ್ನು ಗುರುಗಳಷ್ಟು ಚೆನ್ನಾಗಿ ಇನ್ನಾರೂ ಹೇಳಲಾರರು. ಆ ಪಾಠ ಮೂಲತಃ ಅವರದೇ ಪಾಠ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಅಲ್ಲಿನ ಗುಡಿಗಳಿಗೆ ಭಕ್ತರು ಬರುವುದು ಶನಿವಾರ, ಭಾನುವಾರ. ಹಾಗಾಗಿ ಉತ್ಸವಗಳನ್ನು ತಿಥಿಯ ದಿನ ಬಿಟ್ಟು ಹತ್ತಿರದ ವಾರಾಂತ್ಯಕ್ಕೆ ಇಟ್ಟುಕೊಳ್ಳುವ ರೂಢಿ ಅನೇಕ ಕಡೆ ಇದೆ. ಆಡಳಿತ ಮಂಡಳಿ ನಿಶ್ಚಯಿಸಿದ್ದನ್ನು ಅರ್ಚಕ ನಡೆಸಿಕೊಡಬೇಕು. ತಿಥಿಯ ದಿನ ಚಿಕ್ಕದಾಗಿ ಪೂಜೆ ಮಾಡಿ ಶನಿವಾರ ದೊಡ್ಡದಾಗಿ ಉತ್ಸವ ಮಾಡಿದರೆ ಸಮವೇ, ಎಲ್ಲಿಯವರೆಗೆ ಒಪ್ಪಬಹುದು, ಎಲ್ಲಿ ಆಗದು ಎನ್ನಬೇಕು ಎಂಬ ಗೆರೆಯನ್ನು ಮೊದಲೇ ಎಳೆದುಕೊಂಡು ಹೋದವನಿಗೆ ಅಲ್ಲಿ ಜಗಳ ಕಡಿಮೆ.

ಯಾವ ಗುರುವಿಗೆ ಬರೆಯಬೇಕು ಎಂಬುದು ಮುಂದಿನ ಮಾತು. ಪಾಠ ಹೇಳಿದವರು ವಿದ್ಯಾಗುರು, ಮನೆತನ ನಡೆದುಕೊಳ್ಳುವ ಪೀಠದ ಸ್ವಾಮಿಗಳು ಕುಲಗುರು. ಪಾಠ, ಘನ, ಉತ್ಸವದ ಪ್ರಶ್ನೆಗಳು ವಿದ್ಯಾಗುರುವಿಗೆ ಸೇರಿದವು. ಪ್ರಾಯಶ್ಚಿತ್ತದ ವಿಷಯದಲ್ಲಿ ಊರು ಒಪ್ಪುವುದು ಪೀಠದ ಮಾತನ್ನು. ಇಬ್ಬರಿಗೂ ಒಂದೇ ಕಾಗದದ ನಕಲು ಕಳಿಸುವುದು ದೊಡ್ಡ ತಪ್ಪು. ಉತ್ತರಗಳು ಬೇರೆಯಾದರೆ ಒಬ್ಬರ ಮಾತು ಮೀರಿದಂತಾಗುತ್ತದೆ. ರೂಢಿಯಲ್ಲಿರುವ ದಾರಿ ಎಂದರೆ ಮೊದಲು ವಿದ್ಯಾಗುರುವಿಗೆ ಬರೆದು, ಪೀಠಕ್ಕೆ ಅರಿಕೆ ಮಾಡಿಕೊಳ್ಳುವುದು ಹೇಗೆಂದು ಅವರನ್ನೇ ಕೇಳುವುದು. ಸ್ವಾಮಿಗಳು ಸಂಚಾರದಲ್ಲಿದ್ದರೆ ಮಠಕ್ಕೆ ಹೋದ ಕಾಗದ ಅವರ ಕೈಸೇರಲು ತಡವಾಗುತ್ತದೆ. ಆಷಾಢ ಹುಣ್ಣಿಮೆಗೆ ಚಾತುರ್ಮಾಸ್ಯ ಆರಂಭವಾದರೆ ಒಂದೇ ಕಡೆ ಇರುತ್ತಾರೆ, ಆಗ ಕಾಗದ ಹಿಡಿದು ಖುದ್ದಾಗಿ ಹೋಗುವವರೇ ಹೆಚ್ಚು.

ಒಕ್ಕಣೆಯ ವಿಷಯ. ಕನ್ನಡದ ಹಳೆಯ ಕಾಗದ ‘ಶ್ರೀ’ ಎಂದು ಶುರುವಾಗಿ ಸಂವತ್ಸರ, ಮಾಸ, ತಿಥಿಯನ್ನು ಬರೆದು ನಮಸ್ಕಾರಕ್ಕೆ ಬರುತ್ತದೆ. ಗೆಳೆಯರಿಗೆ, ನೆಂಟರಿಗೆ ಬರೆಯುವ ‘ಉಭಯ ಕುಶಲೋಪರಿ ಸಾಂಪ್ರತ’ ಇಲ್ಲಿ ಹೊಂದುವುದಿಲ್ಲ, ಗುರುವಿನ ಕ್ಷೇಮವನ್ನು ತನ್ನದರ ಜೊತೆ ಒಂದೇ ಸಾಲಿನಲ್ಲಿ ಇಡುವ ರೂಢಿಯಿಲ್ಲ. ವೇದಾಧ್ಯಾಪಕರಿಗೆ ‘ವೇ|| ಬ್ರ|| ಶ್ರೀ||’, ಅಂದರೆ ವೇದಬ್ರಹ್ಮಶ್ರೀ, ಪೀಠಾಧಿಪತಿಗಳಿಗೆ ‘ಸನ್ನಿಧಾನ’, ‘ಶ್ರೀಚರಣಗಳಲ್ಲಿ’. ವೀರಶೈವ, ಲಿಂಗಾಯತ ಮಠಗಳಿಗೆ ಬರೆಯುವವರ ಒಕ್ಕಣೆಯಲ್ಲಿ ‘ಪರಮಪೂಜ್ಯ’, ‘ಪಾದಾರವಿಂದಗಳಿಗೆ’, ‘ಶರಣು ಶರಣಾರ್ಥಿ’ ಬರುತ್ತವೆ. ಗುರುವನ್ನು ಕುರಿತು ‘ತಾವು’, ತನ್ನ ಮಾತಿಗೆ ‘ಅರಿಕೆ’, ‘ಬಿನ್ನಹ’. ಇಷ್ಟು ಸಾಕು. ‘ಅಲ್ಪಮತಿಯಾದ ನಾನು’, ‘ಪಾಮರನಾದ ನಾನು’ ಎಂದು ಸಾಲುಸಾಲಿಗೂ ಬರೆಯುವ ಚಪಲ ಅನೇಕರಿಗಿದೆ. ಅಂಥ ಕಾಗದದಲ್ಲಿ ವಿನಯವನ್ನು ಹುಡುಕಬೇಕಾಗಿಲ್ಲ, ವಿಷಯವನ್ನು ಹುಡುಕಬೇಕಾಗುತ್ತದೆ.

ವಿನಯಕ್ಕೂ ಖಚಿತತೆಗೂ ವಿರೋಧವಿಲ್ಲ ಎನ್ನುವುದಕ್ಕೆ ವೈದಿಕರ ಅಭಿವಾದನವೇ ಸಾಕ್ಷಿ. ಕಿವಿ ಮುಟ್ಟಿಕೊಂಡು, ಬೆನ್ನು ಬಗ್ಗಿಸಿ ಮಾಡುವ ಆ ನಮಸ್ಕಾರದಲ್ಲಿ ಶಿಷ್ಯ ತನ್ನ ಪ್ರವರದ ಋಷಿಗಳು, ಗೋತ್ರ, ಸೂತ್ರ, ಶಾಖೆ, ಹೆಸರು ಎಲ್ಲವನ್ನೂ ಒಂದೂ ಬಿಡದೆ ಹೇಳಿ ಇಂಥವನು ನಾನು ಎನ್ನುತ್ತಾನೆ. ಬಾಗಿರುವುದು ಮೈ, ಮಾತು ಚೊಕ್ಕವಾಗಿಯೇ ಇರುತ್ತದೆ.

ಮಾದರಿ ಪ್ರಸಂಗದ ಶಿಷ್ಯ ಮೊದಲು ಬರೆದ ಕರಡಿನ ತಿರುಳು ಹೀಗಿತ್ತು ಎನ್ನೋಣ. ಗುರುಗಳ ಕೃಪೆಯಿಂದ ಅಮೆರಿಕದಲ್ಲಿ ಒಳ್ಳೆಯ ಅವಕಾಶ ಒದಗಿದೆ, ಮನಸ್ಸು ಡೋಲಾಯಮಾನವಾಗಿದೆ, ತಾವು ಹೇಗೆ ಹೇಳಿದರೆ ಹಾಗೆ. ಓದಲು ಇಂಪು. ಆದರೆ ಎಷ್ಟು ವರ್ಷ, ಯಾವ ದೇವರು, ತಂದೆ ಏನೆನ್ನುತ್ತಾರೆ, ಹುಡುಗರ ಗತಿಯೇನು, ಒಂದೂ ಇಲ್ಲ. ‘ತಾವು ಹೇಗೆ ಹೇಳಿದರೆ ಹಾಗೆ’ ಎಂಬುದು ಶರಣಾಗತಿಯಂತೆ ಕಂಡರೂ ಹೊರೆಯನ್ನು ಗುರುವಿನ ತಲೆಗೆ ದಾಟಿಸುವ ಮಾತು. ನಾಳೆ ಅಲ್ಲಿ ಕೆಟ್ಟದ್ದಾದರೆ ಗುರುಗಳು ಹೇಳಿದ್ದಕ್ಕೆ ಹೋದೆ ಎನ್ನಬಹುದಲ್ಲ. ತಿದ್ದಿ ಬರೆದ ಕಾಗದ ಈ ರೀತಿ ಇರಬಹುದು.

ಶ್ರೀ

ವಿಶ್ವಾವಸು ಸಂ|| ಮಾರ್ಗಶಿರ ಶು|| ದಶಮೀ, ಭಾನುವಾರ
ಬೆಂಗಳೂರು

ವೇ|| ಬ್ರ|| ಶ್ರೀ|| ಪೂಜ್ಯ ಗುರುಗಳ ಪಾದಾರವಿಂದಗಳಿಗೆ ಶಿಷ್ಯನ ಸಾಷ್ಟಾಂಗ ನಮಸ್ಕಾರಗಳು. ಅಮ್ಮನವರಿಗೂ ನನ್ನ ನಮಸ್ಕಾರ ತಿಳಿಸಬೇಕು.

ಒಂದು ವಿಷಯದಲ್ಲಿ ತಮ್ಮ ಸಲಹೆಯನ್ನೂ, ಅದರೊಳಗಿನ ಒಂದು ಅಂಶಕ್ಕೆ ತಮ್ಮ ಅಪ್ಪಣೆಯನ್ನೂ ಬೇಡಿ ಈ ಕಾಗದ ಬರೆಯುತ್ತಿದ್ದೇನೆ. ನ್ಯೂಜೆರ್ಸಿಯ ದೇವಸ್ಥಾನವೊಂದರಲ್ಲಿ ಅರ್ಚಕನಾಗಿ ಬರುವಂತೆ ಕರೆದಿದ್ದಾರೆ. ಮೊದಲು ಎರಡೂವರೆ ವರ್ಷ, ಅವರೂ ನಾನೂ ಒಪ್ಪಿದರೆ ಐದು ವರ್ಷದವರೆಗೆ. ಶಿವ, ಗಣಪತಿ, ಅಮ್ಮನವರ ಸನ್ನಿಧಿಗಳು ನನ್ನ ಪಾಲಿಗೆ. ವಾಸಕ್ಕೆ ಮನೆ ಅವರದೇ. ನಾನು ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಸಂಕ್ರಾಂತಿಯೊಳಗೆ ತಿಳಿಸುವುದಾಗಿ ಹೇಳಿದ್ದೇನೆ.

ಹೋಗಬೇಕೆಂಬ ಮನಸ್ಸು ನನಗಿದೆ, ಮುಚ್ಚಿಡುವುದಿಲ್ಲ. ಮನೆಯ ಸಾಲ ಹನ್ನೊಂದು ಲಕ್ಷವಿದೆ, ಇಲ್ಲಿದ್ದರೆ ತೀರಿಸಲು ಹತ್ತು ವರ್ಷ ಬೇಕು. ತಂದೆಯವರು ಹೋಗು ಎಂದಿದ್ದಾರೆ. ಆದರೆ ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ಅವರ ನಂತರ ಊರಿನ ದೇವರ ಪೂಜೆಗೆ ನಾನಲ್ಲದೆ ಯಾರೂ ಇಲ್ಲ.

ಆದ್ದರಿಂದ ಮೊದಲ ಅರಿಕೆ ಇದು. ಸಮುದ್ರ ದಾಟಿ ಬಂದವನು ಊರಿನ ಗರ್ಭಗುಡಿಗೆ ಮತ್ತೆ ಹೋಗಬೇಕಾದರೆ ನಮ್ಮ ಸಂಪ್ರದಾಯದಲ್ಲಿ ಏನು ಮಾಡಿಸಬೇಕು, ಈ ಬಗ್ಗೆ ಶ್ರೀಮಠಕ್ಕೆ ಯಾವ ರೀತಿ ಬಿನ್ನವಿಸಿಕೊಳ್ಳಬೇಕು ಎಂಬುದನ್ನು ತಾವು ತಿಳಿಸಬೇಕು. ಅದು ಸಾಧ್ಯವಿಲ್ಲವೆಂದಾದರೆ ನಾನು ಹೊರಡುವುದಿಲ್ಲ.

ಎರಡನೆಯದು ತಮ್ಮ ಅಪ್ಪಣೆ ಬೇಕಾದ ವಿಷಯ. ನನ್ನ ಹತ್ತಿರ ಬರುವ ನಾಲ್ವರು ಹುಡುಗರು ನಾಲ್ಕನೇ ಕಾಂಡದಲ್ಲಿದ್ದಾರೆ. ಇಬ್ಬರಿಗೆ ಸ್ವರ ಚೆನ್ನಾಗಿ ಕೂತಿದೆ. ತಾವು ಒಪ್ಪಿದರೆ ಅವರಿಬ್ಬರನ್ನು ಪಾಠಶಾಲೆಗೆ ಕಳಿಸಲು ಅವರ ತಂದೆಯರು ಸಿದ್ಧರಿದ್ದಾರೆ. ಉಳಿದ ಇಬ್ಬರನ್ನು ಬೆಂಗಳೂರಿನಲ್ಲೇ ಯಾರಿಗೆ ಒಪ್ಪಿಸಲಿ?

ಮೂರನೆಯದು, ಅಲ್ಲಿ ಉತ್ಸವಗಳು ಶನಿವಾರ, ಭಾನುವಾರ ನಡೆಯುತ್ತವಂತೆ. ತಿಥಿಯ ದಿನ ಯಥಾಶಕ್ತಿ ಪೂಜೆ ಮಾಡಿ, ಉತ್ಸವವನ್ನು ಅವರು ಹೇಳಿದ ದಿನ ಮಾಡಬಹುದೇ? ಶಿವರಾತ್ರಿಯನ್ನೂ ಹಾಗೆ ಮಾಡಿ ಎಂದರೆ ನಾನು ಏನು ಹೇಳಬೇಕು?

ಘನ ಮುಗಿಸುತ್ತೇನೆಂದು ತಮ್ಮ ಮುಂದೆ ಆಡಿದ ಮಾತು ಮರೆತಿಲ್ಲ. ಹೋದರೆ ಅದು ಐದು ವರ್ಷ ಹಿಂದೆ ಬೀಳುತ್ತದೆ. ಇದಕ್ಕೆ ನನ್ನಲ್ಲಿ ಸಮಾಧಾನವಿಲ್ಲ.

ತಾವು ಬೇಡವೆಂದರೂ ಅದು ನನ್ನ ಒಳಿತಿಗೇ ಎಂದು ತಿಳಿಯುತ್ತೇನೆ. ಬರೆಯಲು ತಮಗೆ ಆಯಾಸವಾಗುವುದಾದರೆ ಪುಷ್ಯ ಮಾಸದ ಮೊದಲ ವಾರ ನಾನೇ ಬಂದು ಕಾಣುತ್ತೇನೆ.

ಇತಿ ತಮ್ಮ ಪಾದಸೇವಕ,
(ಸಹಿ)

ಈ ಕಾಗದದಲ್ಲಿ ಅದು ಬಿಟ್ಟಿರುವ ಸಂಗತಿಗಳನ್ನೂ ಗಮನಿಸಬೇಕು. ಸಂಬಳದ ಅಂಕಿ ಇಲ್ಲ, ಸಾಲದ ಅಂಕಿ ಇದೆ. ಗುರುಗಳಿಗೆ ಬೇಕಾದದ್ದು ಅಗತ್ಯದ ಅಳತೆ, ಆಸೆಯ ಅಳತೆಯಲ್ಲ. ವೀಸಾದ ಹೆಸರಿಲ್ಲ, ಅವಧಿ ಇದೆ. ಇನ್ನೂ ಸಹಿ ಹಾಕಿಲ್ಲ ಎಂಬ ಸಾಲು ಅಪ್ಪಣೆಯ ಕೋರಿಕೆಗೆ ಬೆಲೆ ತಂದುಕೊಡುತ್ತದೆ. ಹಾಕಿದ್ದರೆ ಹಾಕಿದ್ದೇನೆಂದೇ ಬರೆದು ಆಶೀರ್ವಾದವನ್ನಷ್ಟೇ ಕೇಳಬೇಕಿತ್ತು. ತನ್ನ ಒಲವನ್ನು ಹೇಳಿಕೊಂಡದ್ದರಿಂದ ಗುರುಗಳು ಊಹಿಸಬೇಕಾಗಿಲ್ಲ. ತಂದೆ ಮುಖ ನೋಡಲಿಲ್ಲ ಎಂಬ ಒಂದು ಮಾತು ಒಂದು ಪುಟದ ವಿವರಣೆಯ ಕೆಲಸ ಮಾಡಿದೆ. ಘನದ ವಿಷಯದಲ್ಲಿ ಪ್ರಶ್ನೆಯನ್ನೇ ಕೇಳದೆ ನಿಲ್ಲಿಸಿದ್ದೂ ಸರಿ. ಕೊಟ್ಟ ಮಾತನ್ನು ಬಿಡಿಸಿಕೊಡಿ ಎಂದು ಶಿಷ್ಯ ಕೇಳಬಾರದು. ಬಿಡಬೇಕೆನಿಸಿದರೆ ಗುರುವೇ ಬಿಡುತ್ತಾರೆ.

ಕೊನೆಯಲ್ಲಿ ಬಂದು ಕಾಣುತ್ತೇನೆ ಎಂಬ ಮಾತು ಬರೀ ಉಪಚಾರವಲ್ಲ. ಹಿರಿಯ ಅಧ್ಯಾಪಕರು ಅನೇಕರು ಕಾಗದ ಓದುತ್ತಾರೆ, ಉತ್ತರ ಬರೆಯುವುದಿಲ್ಲ. ಎರಡು ವಾರ ಮೌನವಾಗಿದ್ದರೆ ಅದನ್ನು ಒಪ್ಪಿಗೆ ಎಂದೂ ಕೋಪ ಎಂದೂ ತಿಳಿಯಬಾರದು, ಹೋಗಿ ಎದುರಿಗೆ ಕೂರಬೇಕು. ಪೀಠದಿಂದ ಬರುವ ಉತ್ತರಕ್ಕೆ ತನ್ನದೇ ರೀತಿಯಿದೆ. ಮಠದ ಮುದ್ರೆಯೊಂದಿಗೆ ಬರುವ ಅಧಿಕೃತ ಪತ್ರವನ್ನು ಶ್ರೀಮುಖ ಎನ್ನುತ್ತಾರೆ. ಹೆಚ್ಚಿನ ಸಾಮಾನ್ಯ ಕೋರಿಕೆಗಳಿಗೆ ಬರುವುದು ಕಾರ್ಯಾಲಯದವರ ಸಹಿಯ ನಾಲ್ಕು ಸಾಲು ಮತ್ತು ಮಂತ್ರಾಕ್ಷತೆ. ಮಂತ್ರಾಕ್ಷತೆ ಬಂದದ್ದು ಅನುಗ್ರಹ. ಅದು ಪ್ರಾಯಶ್ಚಿತ್ತದ ಪ್ರಶ್ನೆಗೆ ಉತ್ತರವಲ್ಲ. ಆ ಪ್ರಶ್ನೆಯನ್ನು ಮತ್ತೊಮ್ಮೆ, ಅದೊಂದನ್ನೇ, ಬೇರೆ ಹಾಳೆಯಲ್ಲಿ ಕೇಳಬೇಕಾಗುತ್ತದೆ.

ಬೇಡ ಎಂಬ ಉತ್ತರವೂ ಬರಬಹುದು. ಆಗ ಕಾರಣ ಕೇಳುವುದು ಅವಿನಯವಲ್ಲ, ವಾದ ಮಾಡುವುದು ಅವಿನಯ. ತಂದೆಯ ಕಣ್ಣಿನ ಮುಂದೆ ಇರು ಎಂಬುದು ಅವರ ಕಾರಣವಾದರೆ ಬೇರೆ, ಹುಡುಗರ ಪಾಠ ನಿಲ್ಲುತ್ತದೆ ಎಂಬುದಾದರೆ ಬೇರೆ. ಎರಡನೆಯದಕ್ಕೆ ದಾರಿಯಿದೆ. ಇನ್ನೊಬ್ಬ ಗುರುವನ್ನು ಹುಡುಕಿಕೊಂಡು ಹೋಗಿ ಬೇಕಾದ ಉತ್ತರ ತರುವವರೂ ಇದ್ದಾರೆ. ಅಂಥವರು ಮೊದಲೇ ಆಶೀರ್ವಾದದ ಕಾಗದ ಬರೆದಿದ್ದರೆ ಅಂಚೆಯ ಖರ್ಚಾದರೂ ಉಳಿಯುತ್ತಿತ್ತು.

ಉತ್ತರ ಬಂದ ಮೇಲೆ ಇನ್ನೊಂದು ಕಾಗದ ಬಾಕಿಯಿರುತ್ತದೆ, ಹೆಚ್ಚಿನವರು ಬರೆಯದೆ ಬಿಡುವುದು ಅದನ್ನೇ. ಹೋಗುವುದಾದರೆ ಯಾವ ದಿನ, ಹುಡುಗರು ಯಾರ ಹತ್ತಿರ ಸೇರಿದರು, ಅಲ್ಲಿನ ವಿಳಾಸವೇನು ಎಂದು ಬರೆಯಬೇಕು. ಹೋಗದಿದ್ದರೆ ದೇವಸ್ಥಾನದವರಿಗೆ ಇಂಥ ದಿನ ತಿಳಿಸಿದೆ ಎಂದು ಬರೆಯಬೇಕು. ಎರಡಕ್ಕೂ ಒಂದು ಇನ್‌ಲ್ಯಾಂಡ್ ಲೆಟರ್ ಸಾಕು.